ಮುದ್ದೆಯ ಬೆಲೆ ಏರಿದಾಗ ಮುದ್ದೆಯೇ ಹೆಚ್ಚಾಗುವ ಲೆಕ್ಕ

ಮಂಡ್ಯದ ಒಂದು ಪದವಿ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಬೆಲೆ ಏರಿದರೆ ಜನ ಕೊಳ್ಳುವುದು ಇಳಿಯುತ್ತದೆ ಎಂಬ ಬೇಡಿಕೆಯ ನಿಯಮದ ಅಪವಾದಗಳ ಪಾಠ ಬಂದಾಗಲೆಲ್ಲ ಹಲವು ವರ್ಷ ಒಂದೇ ಮಾತನ್ನು ಬರೆಸುತ್ತಿದ್ದೆ: ಐರ್ಲೆಂಡಿನ ಕ್ಷಾಮದಲ್ಲಿ ಆಲೂಗಡ್ಡೆಯ ಬೆಲೆ ಏರಿತು, ಬಡವರು ಮಾಂಸ ಬಿಟ್ಟು ಇನ್ನಷ್ಟು ಆಲೂಗಡ್ಡೆ ಕೊಂಡರು, ಇಂಥದ್ದಕ್ಕೆ ಗಿಫೆನ್ ಸರಕು ಎನ್ನುತ್ತಾರೆ. ನಾನು ಓದುವಾಗ ನನ್ನ ಮೇಷ್ಟರು ಬರೆಸಿದ್ದನ್ನೇ ನಾನೂ ಬರೆಸುತ್ತಿದ್ದೆ.

ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ರೋಗ ಬಂದು ಬೆಳೆಯೇ ಕೊಳೆತುಹೋಗಿತ್ತಲ್ಲ. ಎಲ್ಲರೂ ಹೆಚ್ಚು ಕೊಂಡರು ಎಂದರೆ ಆ ಹೆಚ್ಚಿನ ಆಲೂಗಡ್ಡೆ ಬಂದದ್ದೆಲ್ಲಿಂದ?"

ನನ್ನ ಬಳಿ ಉತ್ತರವಿರಲಿಲ್ಲ. ಮನೆಗೆ ಹೋಗಿ ಓದಿದಾಗ ಅವಳ ಮಾತೇ ಸರಿ ಎಂದು ತಿಳಿಯಿತು. 1845ರಿಂದ ಐರ್ಲೆಂಡಿನಲ್ಲಿ ಇದ್ದದ್ದು ಪೂರೈಕೆಯ ಕುಸಿತ. ಇಲ್ಲದ ಆಲೂಗಡ್ಡೆಯನ್ನು ಊರಿಗೆ ಊರೇ ಹೆಚ್ಚು ತಿಂದಿರಲು ಸಾಧ್ಯವಿಲ್ಲ. 1895ರಲ್ಲಿ ಆಲ್ಫ್ರೆಡ್ ಮಾರ್ಷಲ್ ಈ ವಿಚಾರ ಎತ್ತಿದಾಗ ಹೇಳಿದ್ದು ಆಲೂಗಡ್ಡೆಯನ್ನೂ ಅಲ್ಲ, ಬ್ರೆಡ್ಡನ್ನು. ಬ್ರೆಡ್ಡಿನ ಬೆಲೆ ಏರಿದರೆ ಬಡ ಕೂಲಿಗಳ ಕೈ ಎಷ್ಟು ಬಿಗಿಯಾಗುತ್ತದೆಂದರೆ, ಅವರು ಮಾಂಸವನ್ನು ಕಡಿಮೆ ಮಾಡಿ ಬ್ರೆಡ್ಡನ್ನೇ ಹೆಚ್ಚು ತಿನ್ನಬೇಕಾಗುತ್ತದೆ ಎಂದು ಬರೆದು, ಅದರ ಶ್ರೇಯವನ್ನು ಸ್ಕಾಟ್ಲೆಂಡಿನ ಅಂಕಿಅಂಶ ತಜ್ಞ ರಾಬರ್ಟ್ ಗಿಫೆನ್‌ಗೆ ಕೊಟ್ಟರು.

ಇನ್ನು ಆಲೂಗಡ್ಡೆ ಬೇಡ, ನಮ್ಮ ಊರಿನ ಲೆಕ್ಕವನ್ನೇ ಕಟ್ಟೋಣ ಎಂದುಕೊಂಡೆ. ಮೊದಲ ಪ್ರಯತ್ನ ನೆಲಕಚ್ಚಿತು. ಒಬ್ಬ ಕೂಲಿ, ವಾರಕ್ಕೆ ಊಟದ ಹಣ 700 ರೂಪಾಯಿ. ಮುದ್ದೆ ಊಟಕ್ಕೆ 20 ರೂಪಾಯಿ, ಬಾಡಿನ ಊಟಕ್ಕೆ 60. ಪುಸ್ತಕದ ರೂಢಿಯಂತೆ ಆತ ತನ್ನ ಹಣವನ್ನು ಎರಡಕ್ಕೂ ಅರ್ಧರ್ಧ ಹಂಚುತ್ತಾನೆ ಎಂದಿಟ್ಟುಕೊಂಡೆ. ಮುದ್ದೆಗೆ 350 ರೂಪಾಯಿ. ಅಂದರೆ ಹದಿನೇಳೂವರೆ ಊಟ. ಬೆಲೆ 25 ಆದರೆ ಅದೇ 350ಕ್ಕೆ 14 ಊಟ. ಬೆಲೆ ಏರಿತು, ಕೊಂಡದ್ದು ಇಳಿಯಿತು. ಹೀಗೆ ಪಾಲು ಹಾಕಿ ಖರ್ಚು ಮಾಡುವವನ ಮುಂದೆ ಯಾವ ಬೆಲೆ ಇಟ್ಟರೂ ಗಿಫೆನ್ ಹುಟ್ಟುವುದಿಲ್ಲ. ಕೊರತೆ ಇದ್ದದ್ದು ಬೆಲೆಯಲ್ಲಲ್ಲ, ನಾನು ಅವನಿಗೆ ಕೊಟ್ಟ ಆದ್ಯತೆಯಲ್ಲಿ. ಅವನಿಗೆ ಹಸಿವೆಯೇ ಇರಲಿಲ್ಲ.

ಹಾಗಾಗಿ ಆದ್ಯತೆಯನ್ನು ಎರಡು ಮೆಟ್ಟಿಲಾಗಿ ಬರೆದೆ. ಮೊದಲನೆಯದು, ವಾರಕ್ಕೆ 21 ಊಟ ಆಗಲೇಬೇಕು, ದಿನಕ್ಕೆ ಮೂರು. ಇದರಲ್ಲಿ ರಿಯಾಯಿತಿ ಇಲ್ಲ. ಎರಡನೆಯದು, ಹೊಟ್ಟೆ ತುಂಬುವುದು ಖಾತ್ರಿಯಾದ ಮೇಲೆ ಎಷ್ಟು ಸಾಧ್ಯವೋ ಅಷ್ಟು ಬಾಡು. ಮುದ್ದೆ ಅವನಿಗೆ ಅನಿವಾರ್ಯ, ಬಾಡು ಆಸೆ. ಆದಾಯ ಹೆಚ್ಚಿದರೆ ಮುದ್ದೆ ಇಳಿಸಿ ಬಾಡು ಏರಿಸುತ್ತಾನೆ, ಆದ್ದರಿಂದ ಅವನ ಮಟ್ಟಿಗೆ ಮುದ್ದೆ ಕೀಳು ಸರಕು. ಈ ಪಾರಿಭಾಷಿಕ ಪದ ಹೇಳಿದಾಗ ತರಗತಿಯಲ್ಲಿ ಗುಜುಗುಜು ಎದ್ದಿತು. ಮಂಡ್ಯದಲ್ಲಿ ನಿಂತು ಮುದ್ದೆಯನ್ನು ಕೀಳು ಎನ್ನುವುದಕ್ಕೂ ಧೈರ್ಯ ಬೇಕು.

ಅಷ್ಟರಲ್ಲಿ ಒಬ್ಬ ಹುಡುಗ, "ಸರ್, ಬಾಡಿನ ಜೊತೆಗೂ ಮುದ್ದೆಯೇ ಅಲ್ಲವೇ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಲೆಕ್ಕ ಅಲ್ಲಿಗೇ ಮುರಿದುಬಿತ್ತು. ಎರಡನ್ನೂ ಒಂದೇ ತಟ್ಟೆಯಲ್ಲಿ ತಿನ್ನುವುದಾದರೆ ಒಂದು ಇನ್ನೊಂದರ ಜಾಗ ತುಂಬುವುದಿಲ್ಲ. ಮುದ್ದೆಯ ಬೆಲೆ ಏರಿದರೆ ಬಾಡಿನ ಊಟವೂ ತುಟ್ಟಿಯಾಗುತ್ತದೆ. ಬಾಡು ಅಳಿಸಿ ಬಿರಿಯಾನಿ ಎಂದು ಬರೆದೆ. 60 ರೂಪಾಯಿಗೆ ಬಿರಿಯಾನಿ ಯಾವ ಹೋಟೆಲಿನಲ್ಲಿ ಸಿಗುತ್ತದೆ ಎಂದು ಕೇಳಬೇಡಿ, ಅದು ಕಪ್ಪುಹಲಗೆಯ ಬೆಲೆ.

ಈಗ ಲೆಕ್ಕ ಸಾಗಿತು. ಇಪ್ಪತ್ತೊಂದೂ ಊಟ ಮುದ್ದೆಯೇ ಆದರೆ 420 ರೂಪಾಯಿ. ಉಳಿಯುವುದು 280. ಒಂದು ಮುದ್ದೆ ಊಟವನ್ನು ಬಿರಿಯಾನಿಗೆ ಬದಲಾಯಿಸಲು ಮೇಲೆ 40 ರೂಪಾಯಿ ಹಾಕಬೇಕು. 280ರಲ್ಲಿ ಏಳು ಸಲ ಬದಲಾಯಿಸಬಹುದು. ಹಾಗಾಗಿ 7 ಬಿರಿಯಾನಿ, 14 ಮುದ್ದೆ.

ಮುದ್ದೆ ಊಟ 25 ರೂಪಾಯಿ ಆಯಿತು ಎನ್ನೋಣ. ಬಿರಿಯಾನಿ 60ರಲ್ಲೇ ಇದೆ, ಜೇಬಿನಲ್ಲಿರುವುದೂ ಅದೇ 700. ಈಗ 21 ಮುದ್ದೆ ಊಟಕ್ಕೇ 525 ಬೇಕು, ಉಳಿಯುವುದು 175. ಒಂದು ಬದಲಾವಣೆಗೆ 35 ರೂಪಾಯಿ. 175ರಲ್ಲಿ ಐದು ಸಲ. 5 ಬಿರಿಯಾನಿ, 16 ಮುದ್ದೆ. ಮುದ್ದೆಯ ಬೆಲೆ ಐದು ರೂಪಾಯಿ ಏರಿತು, ಮುದ್ದೆ ಊಟ ಎರಡು ಹೆಚ್ಚಾಯಿತು. ಮುದ್ದೆಗೆ ಹೋಲಿಸಿದರೆ ಬಿರಿಯಾನಿ ಈಗ ಅಗ್ಗವಾಗಿದೆ. 40ರ ಬದಲು 35 ಮೇಲೆ ಹಾಕಿದರೆ ಸಾಕು. ಆದರೂ ಅವನು ತಿನ್ನುವ ಬಿರಿಯಾನಿ ಕಡಿಮೆಯಾಯಿತು. ಇಲ್ಲಿ ನಾನು ಎರಡು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಮಕ್ಕಳು ನೋಟ್‌ಬುಕ್ಕಿನಲ್ಲಿ ಮತ್ತೊಮ್ಮೆ ಕೂಡಿ ನೋಡುತ್ತಾರೆ.

ಕಾರಣ ತಿಳಿಯಲು ಅವನಿಗೆ ಲೆಕ್ಕದಲ್ಲಿ ಪರಿಹಾರ ಕೊಟ್ಟು ನೋಡಬೇಕು. ಮೊದಲು ಕೊಳ್ಳುತ್ತಿದ್ದ 14 ಮುದ್ದೆಯ ಮೇಲೆ ತಲಾ 5 ರೂಪಾಯಿ ಹೆಚ್ಚಾದದ್ದರಿಂದ ಅವನಿಗೆ ತಗುಲಿದ ಹೊಡೆತ 70 ರೂಪಾಯಿ. ಆ 70ನ್ನು ಅವನ ಕೈಗೆ ಕೊಟ್ಟು, 770 ರೂಪಾಯಿಗೆ ಹೊಸ ಬೆಲೆಯಲ್ಲಿ ಲೆಕ್ಕ ಹಾಕಿ. 525 ಹೋದರೆ 245, ಅದನ್ನು 35ರಿಂದ ಭಾಗಿಸಿದರೆ 7. ಮತ್ತೆ 7 ಬಿರಿಯಾನಿ, 14 ಮುದ್ದೆ. ಬೆಲೆ ಬದಲಾದ ಮಾತ್ರಕ್ಕೆ ಅವನು ಏನನ್ನೂ ಬದಲಿಸಲಿಲ್ಲ. ಅಂದರೆ, ಒಂದು ಇನ್ನೊಂದಕ್ಕಿಂತ ಅಗ್ಗವಾಯಿತೆಂದು ಅದಕ್ಕೆ ಹೊರಳುವ ಬದಲಿ ಪರಿಣಾಮ ಇಲ್ಲಿ ಸೊನ್ನೆ. ಈಗ 70ನ್ನು ಹಿಂದಕ್ಕೆ ಕಸಿದುಕೊಳ್ಳಿ. ಎರಡು ಬಿರಿಯಾನಿ ಬಿಡಬೇಕು, ಆ ಎರಡು ಹೊತ್ತನ್ನು ಮುದ್ದೆ ತುಂಬಬೇಕು. ಹೆಚ್ಚಿದ ಎರಡು ಮುದ್ದೆಯೂ ಕೊಳ್ಳುವ ಶಕ್ತಿ ಕುಗ್ಗಿದ್ದರಿಂದ, ಅಂದರೆ ಆದಾಯ ಪರಿಣಾಮದಿಂದಲೇ ಬಂದವು. ಬದಲಿ ಪರಿಣಾಮ ಸೊನ್ನೆಯಾದದ್ದು 21 ಊಟ ಎಂಬ ನನ್ನ ಕಟ್ಟುನಿಟ್ಟಿನಿಂದ. ನಿಜ ಜೀವನದಲ್ಲಿ ಅದು ಮುದ್ದೆಯನ್ನು ಸ್ವಲ್ಪ ಕೆಳಕ್ಕೆ ಎಳೆಯುತ್ತದೆ, ಆದಾಯ ಪರಿಣಾಮ ಅದನ್ನು ಮೀರಿಸಬೇಕು. ಮೀರಿಸುವಷ್ಟು ದೊಡ್ಡದಾಗಬೇಕಾದರೆ ಆ ಸರಕು ಖರ್ಚಿನಲ್ಲಿ ದೊಡ್ಡ ಪಾಲು ತಿನ್ನುತ್ತಿರಬೇಕು. ವಾರಕ್ಕೊಂದು ಬೆಂಕಿಪೊಟ್ಟಣ ಕೊಳ್ಳುವವನಿಗೆ ಅದರ ಬೆಲೆ ಒಂದು ರೂಪಾಯಿ ಏರಿದರೆ ಒಂದು ಬಿರಿಯಾನಿಯೂ ಕಡಿಮೆಯಾಗುವುದಿಲ್ಲ.

ಮುಂದಿನ ವರ್ಷ ಚೀಟಿಗಳನ್ನು ಕತ್ತರಿಸಿ ತಂದು, ಒಬ್ಬೊಬ್ಬರಿಗೂ 700 ರೂಪಾಯಿಯ ಚೀಟಿ ಹಂಚಿ, ನೀವೇ ವಾರದ ಊಟ ಕೊಳ್ಳಿ ಎಂದೆ. 21 ಊಟದ ಷರತ್ತನ್ನು ಬೇಕೆಂದೇ ಹೇಳಲಿಲ್ಲ. ಕಬಡ್ಡಿ ಆಡುವ ಒಬ್ಬ ಹುಡುಗ 10 ಬಿರಿಯಾನಿ, 5 ಮುದ್ದೆ ಕೊಂಡ. ಉಳಿದ ಆರು ಹೊತ್ತು? "ಬೆಳಿಗ್ಗೆ ತಿನ್ನುವುದಿಲ್ಲ ಸರ್." ಮುದ್ದೆಯ ಬೆಲೆ 25 ಮಾಡಿದೆ. 10 ಬಿರಿಯಾನಿ ಅಲ್ಲಾಡಲಿಲ್ಲ, ಉಳಿದ 100 ರೂಪಾಯಿಗೆ 4 ಮುದ್ದೆ ಬಂದವು. ಐದು ನಾಲ್ಕಾಯಿತು. ಉಪವಾಸ ಇರಬಲ್ಲವನಿಗೆ ಬೇಡಿಕೆಯ ನಿಯಮ ಸರಿಯಾಗಿಯೇ ನಡೆಯುತ್ತದೆ. ಗಿಫೆನ್ ಹುಟ್ಟುವುದು ಹೊತ್ತು ತಪ್ಪಿಸಲಾಗದವನಲ್ಲಿ. ಗದ್ದೆಯಲ್ಲಿ ಕಬ್ಬು ಕಡಿಯುವವನು ಬೆಳಗಿನ ಊಟ ಬಿಟ್ಟರೆ ಮಧ್ಯಾಹ್ನ ಕತ್ತಿ ಎತ್ತಲಾರ.

ಇದೇ ಲೆಕ್ಕವನ್ನು ಇನ್ನೂ ಮುಂದಕ್ಕೆ ಎಳೆದಾಗ ನನಗೇ ಗೊತ್ತಿರದ ಒಂದು ಸಂಗತಿ ಕಂಡಿತು. ಬೆಲೆ 32 ಆದಾಗ 20 ಮುದ್ದೆ, 1 ಬಿರಿಯಾನಿ. ಇನ್ನು ಬಿಡಲು ಉಳಿದಿರುವುದು ಒಂದೇ ಬಿರಿಯಾನಿ. ಬೆಲೆ 33 ರೂಪಾಯಿ ದಾಟುತ್ತಿದ್ದಂತೆ ಬರೀ ಮುದ್ದೆ ತಿಂದರೂ 21 ಊಟ ಆಗುವುದಿಲ್ಲ. 35ಕ್ಕೆ 20 ಊಟ, ಒಂದು ಹೊತ್ತು ಖಾಲಿ. 50ಕ್ಕೆ 14. ಅಂದರೆ 20 ರೂಪಾಯಿ ಇದ್ದಾಗಲೂ 14 ಮುದ್ದೆ, 50 ಆದಾಗಲೂ 14 ಮುದ್ದೆ. ಅಂಗಡಿಯವನ ಪುಸ್ತಕದಲ್ಲಿ ಎರಡೂ ಒಂದೇ ಅಂಕಿ. ಆದರೆ ಮೊದಲನೆಯದರಲ್ಲಿ ಉಳಿದ ಏಳು ಹೊತ್ತು ಬಿರಿಯಾನಿ, ಎರಡನೆಯದರಲ್ಲಿ ಉಳಿದ ಏಳು ಹೊತ್ತು ನೀರು. ಗಿಫೆನ್ ನಡತೆ ಇರುವುದು ಇವೆರಡರ ನಡುವಿನ ಏರುದಾರಿಯಲ್ಲಿ ಮಾತ್ರ: ಬಡವನಾಗಿರಬೇಕು, ಆದರೆ ಬಿಟ್ಟುಕೊಡಲು ಒಂದಿಷ್ಟು ಬಿರಿಯಾನಿಯಾದರೂ ಉಳಿದಿರಬೇಕು.

ಇದು ಬರೀ ಹಲಗೆಯ ಮೇಲಿನ ಮಾತಲ್ಲ. ರಾಬರ್ಟ್ ಜೆನ್ಸೆನ್ ಮತ್ತು ನೋಲನ್ ಮಿಲ್ಲರ್ ಚೀನಾದ ಹುನಾನ್ ಮತ್ತು ಗಾನ್ಸು ಪ್ರಾಂತ್ಯಗಳ ಬಡ ಕುಟುಂಬಗಳಿಗೆ ರಿಯಾಯಿತಿ ಚೀಟಿ ಕೊಟ್ಟು ಪ್ರಯೋಗ ಮಾಡಿ, 2008ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಹುನಾನಿನಲ್ಲಿ ಅಕ್ಕಿಗೆ ರಿಯಾಯಿತಿ ಸಿಕ್ಕಾಗ ಆ ಮನೆಗಳಲ್ಲಿ ಅಕ್ಕಿಯ ಬಳಕೆ ಇಳಿಯಿತು, ರಿಯಾಯಿತಿ ನಿಂತಾಗ ಏರಿತು. ಗಾನ್ಸುವಿನ ಗೋಧಿಯಲ್ಲಿ ಸಿಕ್ಕ ಸಾಕ್ಷ್ಯ ಅಷ್ಟು ಗಟ್ಟಿಯಾಗಿರಲಿಲ್ಲ. ಕಡುಬಡವರಲ್ಲಿ, ಅಂದರೆ ಹೆಚ್ಚುಕಡಿಮೆ ಅನ್ನವನ್ನೇ ತಿಂದು ಬದುಕುವವರಲ್ಲಿ, ಈ ವರ್ತನೆ ಕಾಣಲಿಲ್ಲ. ನನ್ನ ಹಲಗೆಯ ಮೇಲೆ ಅವರು 33 ರೂಪಾಯಿಯ ಆಚೆ ನಿಂತವರು.

ಪ್ರತಿ ವರ್ಷವೂ ಯಾರಾದರೊಬ್ಬರು ಚಿನ್ನದ ಮಾತೆತ್ತುತ್ತಾರೆ: ಬೆಲೆ ಏರಿದಷ್ಟೂ ಜನ ಕೊಳ್ಳುತ್ತಾರಲ್ಲ ಎಂದು. ಅದು ನಾಳೆ ಇನ್ನೂ ಏರೀತೆಂಬ ಲೆಕ್ಕಾಚಾರ, ಇಲ್ಲವೇ ಮದುವೆಮನೆಯ ಪ್ರತಿಷ್ಠೆ. ಕೊಂಡದ್ದರಿಂದ ಯಾರ ಊಟದ ತಟ್ಟೆಯೂ ಬದಲಾಗಿಲ್ಲ. ನಾಗಮಂಗಲ ಕಡೆಯ ಹುಡುಗನದು ಇದಕ್ಕಿಂತ ಒಳ್ಳೆಯ ಪ್ರಶ್ನೆ: "ನಮ್ಮದು ರಾಗಿ ಹೊಲ ಸರ್, ಬೆಲೆ ಏರಿದರೆ ನಮ್ಮಪ್ಪ ಖುಷಿಯಾಗುತ್ತಾರೆ." ಮಾರುವವನಿಗೆ ಬೆಲೆ ಏರಿದರೆ ಆದಾಯ ಏರುತ್ತದೆ, ಆ ಮನೆಯಲ್ಲಿ ಬಿರಿಯಾನಿ ಹೆಚ್ಚಾಗಬೇಕು. ನನ್ನ ಲೆಕ್ಕ ಕೊಂಡು ತಿನ್ನುವವನದು ಮಾತ್ರ.

ಹಾಗಾದರೆ ಮಂಡ್ಯದಲ್ಲಿ ಇಂಥವನು ಸಿಗುತ್ತಾನೆಯೇ? ಪಡಿತರದ ಅಕ್ಕಿ ಮನೆಗೆ ಬರುತ್ತಿರುವಷ್ಟು ಕಾಲ ಕಷ್ಟ. ಮುದ್ದೆ ತುಟ್ಟಿಯಾದರೆ ಅಗ್ಗದ ಮೂರನೆಯ ಊಟವೊಂದು ಕೈಗೆಟಕುವಂತಿದೆ. ಒಂದು ಹೊತ್ತು ಅನ್ನಕ್ಕೆ ಹೊರಳಿದರೆ ಸಾಕು, ಬಿರಿಯಾನಿ ಬಿಡಬೇಕಾಗಿಲ್ಲ.

ಕಳೆದ ಸಲ ಒಂದು ಮನೆಗೆಲಸ ಕೊಟ್ಟೆ: ರಾಗಿ ತುಟ್ಟಿಯಾದಾಗ ಏನು ಕಡಿಮೆ ಮಾಡಿದಿರಿ ಎಂದು ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದು. ಒಬ್ಬಳು ತನ್ನ ಅವ್ವನ ಉತ್ತರವನ್ನು ಹಾಗೆಯೇ ಬರೆದು ತಂದಿದ್ದಳು. ಮುದ್ದೆ ಅಷ್ಟೇ, ಮೊಟ್ಟೆ ತರುವುದು ಬಿಟ್ಟೆವು. ನಾನು ಹಲಗೆಯ ಮೇಲೆ ಮುದ್ದೆಯ ಮುಂದೆ 14, ಬೆಲೆ ಏರಿದ ಮೇಲೂ 14 ಎಂದು ಬರೆದೆ. ಏರಿಲ್ಲ, ಇಳಿದೂ ಇಲ್ಲ. ಹೊಡೆತವೆಲ್ಲ ಬಿದ್ದದ್ದು ಮೊಟ್ಟೆಯ ಮೇಲೆ. "ಇದು ಗಿಫೆನ್ ಆಯಿತೇ ಸರ್?" ಎಂದು ಅವಳು ಕೇಳಿದಳು. ಆಗಲಿಲ್ಲ, ಮೊಟ್ಟೆ ಬಿಟ್ಟ ಜಾಗಕ್ಕೆ ಇನ್ನೊಂದು ಮುದ್ದೆ ಬಂದಿದ್ದರೆ ಆಗುತ್ತಿತ್ತು ಎಂದೆ.

"ಮೊಟ್ಟೆಯ ಜಾಗಕ್ಕೆ ಏನೂ ಬಂದಿಲ್ಲ ಸರ್," ಎಂದು ಹೇಳಿ ಅವಳು ಕುಳಿತಳು.