ಸ್ವರದ ಬಲಕ್ಕೆ ಸಮ ಅಂಕಿ: ಸರಣಿ ಎಣಿಕೆಯ ಪ್ರಶ್ನೆ ಬಿಡಿಸುವುದು ಹೇಗೆ?

ಬ್ಯಾಂಕ್ ಪರೀಕ್ಷೆಗಳ ತಾರ್ಕಿಕ ವಿಭಾಗದಲ್ಲಿ ಅಕ್ಷರ, ಅಂಕಿ, ಚಿಹ್ನೆಗಳನ್ನು ಒಂದೇ ಸಾಲಿನಲ್ಲಿ ಬೆರೆಸಿ ಕೊಡುವ ಪ್ರಶ್ನೆಗಳಿರುತ್ತವೆ. ‘ತಕ್ಷಣದ ನಂತರ ಸಮ ಅಂಕಿ ಇರುವ ಸ್ವರಗಳೆಷ್ಟು?’ ಎಂದು ಕೇಳುತ್ತಾರೆ. ಇದಕ್ಕೆ ಸೂತ್ರ ಬೇಡ, ಗಣಿತವೂ ಬೇಡ. ಆದರೂ ಶೇಕಡಾ ಲೆಕ್ಕ, ಬಡ್ಡಿ ಲೆಕ್ಕಗಳನ್ನು ಸಲೀಸಾಗಿ ಮಾಡುವ ಅಭ್ಯರ್ಥಿಗಳೇ ಇಲ್ಲಿ ಅಂಕ ಕಳೆದುಕೊಳ್ಳುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವಿರುವ ಪರೀಕ್ಷೆಯಲ್ಲಿ ಇಷ್ಟು ಸುಲಭದ ಪ್ರಶ್ನೆಯನ್ನು ಕೈಬಿಡಬಾರದು. ಹಾಗಾಗಿ ಒಂದು ಸರಣಿಯನ್ನು ಎದುರಿಗಿಟ್ಟುಕೊಂಡು ಮೊದಲಿನಿಂದ ನೋಡೋಣ.

```
M 4 A 6 # K E @ 2 U 8 I 4 T $ 7
O 5 B & E 6 % R 3 A * 8 D 9 U
```

ಒಟ್ಟು 31 ಸ್ಥಾನಗಳು. ಇಲ್ಲಿ ಎರಡು ಸಾಲಾಗಿ ಕಂಡರೂ ಸರಣಿ ಒಂದೇ: ಮೊದಲ ಸಾಲಿನ ಕೊನೆಯ 7 ಮತ್ತು ಎರಡನೇ ಸಾಲಿನ ಮೊದಲ O ಅಕ್ಕಪಕ್ಕದವು. ಪರದೆಯ ಮೇಲೂ ಸರಣಿ ಹೀಗೆ ಮಡಚಿಕೊಳ್ಳುವುದುಂಟು. ಆ ಮಡಿಕೆಯಲ್ಲಿರುವ ಜೋಡಿಯನ್ನು ಮರೆಯದೆ ನೋಡಿ.

ಮೊದಲು, ಯಾವುದು ಏನು

ಸ್ವರ ಎಂದರೆ ಇಲ್ಲಿ A, E, I, O, U ಐದು ಮಾತ್ರ. Y ವ್ಯಂಜನ. ಸಮ ಅಂಕಿಗಳು 2, 4, 6, 8. ಸೊನ್ನೆ ಬಂದರೆ ಅದೂ ಸಮವೇ. ಇಷ್ಟು ಸಾಕು. ಒಂದು ಎಚ್ಚರಿಕೆ ಮಾತ್ರ ಇರಲಿ: ಅವಸರದ ಕಣ್ಣಿಗೆ & ಎಂಬುದು 8ರಂತೆ, $ ಎಂಬುದು S ಅಕ್ಷರದಂತೆ, I ಎಂಬುದು ಒಂದರಂತೆ ಕಾಣುತ್ತದೆ. ಕಡಿಮೆ ಬೆಲೆಯ ಕೆಲವು ಅಭ್ಯಾಸ ಪುಸ್ತಕಗಳಲ್ಲಿ O ಮತ್ತು ಸೊನ್ನೆಯನ್ನು ಒಂದೇ ಅಚ್ಚಿನಲ್ಲಿ ಮುದ್ರಿಸಿರುತ್ತಾರೆ. ಅಂಥ ಪುಸ್ತಕವನ್ನು ಬದಿಗಿಡಿ. ಅದರಲ್ಲಿ ಉತ್ತರ ತಪ್ಪಿದರೆ ತಪ್ಪು ನಿಮ್ಮದೋ ಮುದ್ರಣದ್ದೋ ತಿಳಿಯುವುದೇ ಇಲ್ಲ.

ದಿಕ್ಕು: ಎಲ್ಲ ಎಡವುವ ಜಾಗ

ಪ್ರಶ್ನೆಯನ್ನು ಇನ್ನೊಮ್ಮೆ ಓದಿ: ‘ತಕ್ಷಣದ ನಂತರ ಸಮ ಅಂಕಿ ಇರುವ ಸ್ವರಗಳೆಷ್ಟು?’ ವಾಕ್ಯದಲ್ಲಿ ಸಮ ಅಂಕಿ ಮೊದಲು ಬಂತು, ಸ್ವರ ಆಮೇಲೆ ಬಂತು. ಸರಣಿಯಲ್ಲಿ ಇರಬೇಕಾದದ್ದು ಇದರ ತಿರುವುಮುರುವು: ಸ್ವರ ಮೊದಲು, ಸಮ ಅಂಕಿ ಆಮೇಲೆ. ಕನ್ನಡದ ವಾಕ್ಯದಲ್ಲಿ ವಿಶೇಷಣ ಮುಂಚೆ ಬಂದು, ಯಾವುದರ ಬಗ್ಗೆ ಹೇಳುತ್ತಿದ್ದೇವೋ ಅದು ಕೊನೆಗೆ ಬರುತ್ತದೆ. ಹಾಗಾಗಿ ಓದಿದ ಕ್ರಮದಲ್ಲೇ ಹುಡುಕಲು ಹೊರಟವರು ‘ಅಂಕಿ, ಸ್ವರ’ ಎಂಬ ಜೋಡಿಯನ್ನು ಎಣಿಸಿಬಿಡುತ್ತಾರೆ. ಗ್ರಾಮೀಣ ಬ್ಯಾಂಕ್‌ಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯುವ ಅವಕಾಶ 2019ರಿಂದ ಸಿಕ್ಕಿದೆ. ಆ ಅವಕಾಶವನ್ನು ಬಳಸಿಕೊಳ್ಳುವವರು ಈ ತಿರುವನ್ನು ಮೊದಲೇ ಪಳಗಿಸಿಕೊಂಡಿರಬೇಕು.

‘ಹಿಂದೆ’, ‘ಮುಂದೆ’ ಎಂಬ ಪದಗಳನ್ನು ಮನಸ್ಸಿನಿಂದ ಪೂರ್ತಿ ತೆಗೆದುಹಾಕಿ ಎಂಬುದು ನನ್ನ ಖಚಿತ ಸಲಹೆ. ಒಬ್ಬರಿಗೆ ‘ಮುಂದೆ’ ಎಂದರೆ ಬಲಗಡೆ, ಇನ್ನೊಬ್ಬರಿಗೆ ಸಾಲಿನಲ್ಲಿ ಮೊದಲು ನಿಂತವನ ಜಾಗ. ಎಡ ಮತ್ತು ಬಲ ಎಂಬ ಎರಡೇ ಪದ ಸಾಕು. ‘ನಂತರ’ ಎಂದರೆ ಬಲಕ್ಕೆ. ‘ಮೊದಲು’ ಅಥವಾ ‘ಪೂರ್ವದಲ್ಲಿ’ ಎಂದರೆ ಎಡಕ್ಕೆ. ‘ತಕ್ಷಣ’ ಎಂದರೆ ನಡುವೆ ಏನೂ ಇರಕೂಡದು.

ಈಗ ರಫ್ ಹಾಳೆಯಲ್ಲಿ ಮೂರು ಚೌಕ ಬರೆಯಿರಿ. ಎಷ್ಟಿವೆ ಎಂದು ಯಾವುದನ್ನು ಕೇಳಿದ್ದಾರೋ ಅದು ಯಾವಾಗಲೂ ನಡುವಿನ ಚೌಕಕ್ಕೆ. ನಂತರ ಇರಬೇಕಾದದ್ದು ಬಲದ ಚೌಕಕ್ಕೆ, ಮೊದಲು ಇರಬೇಕಾದದ್ದು ಎಡದ ಚೌಕಕ್ಕೆ. ಷರತ್ತೇ ಇಲ್ಲದ ಚೌಕ ಖಾಲಿ ಇರಲಿ. ನಮ್ಮ ಪ್ರಶ್ನೆಗೆ ಚಿತ್ರ ಹೀಗಾಗುತ್ತದೆ:

```
[      ] [ ಸ್ವರ ] [ ಸಮ ]
```

ಚಿತ್ರ ಬರೆದ ಮೇಲೆ ಪ್ರಶ್ನೆಯ ವಾಕ್ಯವನ್ನು ತಿರುಗಿ ನೋಡಬೇಡಿ, ಚಿತ್ರವನ್ನೇ ನೋಡಿ. ಈ ಚೌಕಕ್ಕೆ ತಗಲುವುದು ನಾಲ್ಕೈದು ಸೆಕೆಂಡು. ಒಂದೇ ನೋಟದಲ್ಲಿ ಉತ್ತರ ಹೇಳುವ ತಂತ್ರ ಕಲಿಸುತ್ತೇವೆ ಎನ್ನುವ ವಿಡಿಯೊಗಳು ಬಿಟ್ಟುಬಿಡುವುದು ಇದೇ ಹೆಜ್ಜೆಯನ್ನು. ಮೊದಲ ಪ್ರಶ್ನೆಯಲ್ಲಿ ಆ ಆತುರ ನಡೆದೀತು, ಷರತ್ತು ಎರಡಾದ ಕೂಡಲೇ ಮುಗ್ಗರಿಸುತ್ತದೆ.

ಇನ್ನು ಹುಡುಕಾಟ. ಸರಣಿಯನ್ನೆಲ್ಲ ಓದಬೇಕಿಲ್ಲ, ಸ್ವರದಿಂದ ಸ್ವರಕ್ಕೆ ಹಾರಿ ಪ್ರತಿಯೊಂದರ ಬಲಕ್ಕೆ ಒಮ್ಮೆ ನೋಡಿದರಾಯಿತು. A ಬಲಕ್ಕೆ 6, ಸರಿ. E ಬಲಕ್ಕೆ @, ಬೇಡ. U ಬಲಕ್ಕೆ 8, ಸರಿ. I ಬಲಕ್ಕೆ 4, ಸರಿ. O ಬಲಕ್ಕೆ 5, ಅದು ಬೆಸ. ಎರಡನೇ E ಬಲಕ್ಕೆ 6, ಸರಿ. ಎರಡನೇ A ಬಲಕ್ಕೆ * ಇದೆ. ಕೊನೆಯ U ಬಲಕ್ಕೆ ಏನೂ ಇಲ್ಲ. ಉತ್ತರ 4.

ದಿಕ್ಕು ತಪ್ಪಿಸಿಕೊಂಡು ಎಡಕ್ಕೆ ನೋಡಿದ್ದರೆ? 4 A, 2 U, 8 I ಎಂಬ ಮೂರು ಜೋಡಿ ಸಿಗುತ್ತಿದ್ದವು. ಆಯ್ಕೆಗಳ ಪಟ್ಟಿಯಲ್ಲಿ 3 ಇದ್ದೇ ಇರುತ್ತದೆ. ನಿಮ್ಮ ಉತ್ತರ ಆಯ್ಕೆಗಳಲ್ಲಿದೆ ಎಂಬುದು ಅದು ಸರಿ ಎನ್ನುವುದಕ್ಕೆ ಪುರಾವೆಯಲ್ಲ.

ಷರತ್ತು ಎರಡಾದಾಗ

‘ತಕ್ಷಣದ ಮೊದಲೂ ತಕ್ಷಣದ ನಂತರವೂ ಸಮ ಅಂಕಿ ಇರುವ ಸ್ವರಗಳೆಷ್ಟು?’ ಚೌಕಗಳು: ಸಮ, ಸ್ವರ, ಸಮ. 4 A 6 ಒಂದು, 2 U 8 ಎರಡು. ಇಲ್ಲಿ ನಿಲ್ಲುವವರು ಬಹಳ. 2 U 8 ಎಂಬ ಮೂರನ್ನೂ ಮನಸ್ಸಿನಲ್ಲೇ ಹೊಡೆದುಹಾಕಿ ಮುಂದಿನ I ಅಕ್ಷರಕ್ಕೆ ಹೋದರೆ ಅದರ ಎಡಕ್ಕೆ ಏನೂ ಉಳಿದಿರುವುದಿಲ್ಲ. ಆದರೆ ಆ 8 ಖರ್ಚಾಗಿಲ್ಲ. U ಅಕ್ಷರಕ್ಕೆ ಅದು ಬಲದ ನೆರೆ, I ಅಕ್ಷರಕ್ಕೆ ಎಡದ ನೆರೆ. 8 I 4 ಕೂಡ ಸೇರಿ ಉತ್ತರ 3. ಎಣಿಸುತ್ತಿರುವುದು ನಡುವಿನ ಚೌಕವನ್ನು ಎಂಬುದು ನೆನಪಿದ್ದರೆ ಈ ತಪ್ಪು ಆಗುವುದಿಲ್ಲ.

ಪೆನ್ಸಿಲಿನಿಂದ ಸುತ್ತು ಹಾಕಿ ಅಭ್ಯಾಸ ಮಾಡುವುದನ್ನು ನಾನು ಒಪ್ಪದಿರುವುದೂ ಇದಕ್ಕಾಗಿಯೇ. ಮೂರನ್ನು ಒಂದು ಸುತ್ತಿನೊಳಗೆ ಹಾಕಿದರೆ ಪಕ್ಕದ ಸುತ್ತು ಕಾಣುವುದಿಲ್ಲ. ಅಲ್ಲದೆ ಪರೀಕ್ಷೆ ನಡೆಯುವುದು ಕಂಪ್ಯೂಟರಿನಲ್ಲಿ, ಪರದೆಯ ಮೇಲೆ ಗೀಚಲು ಬರುವುದಿಲ್ಲ. ಸರಣಿಯನ್ನು ಪೂರ್ತಿ ರಫ್ ಹಾಳೆಗೆ ನಕಲು ಮಾಡುವವರೂ ಇದ್ದಾರೆ. ಸಮಯ ಹೋಗುವುದಷ್ಟೇ ಅಲ್ಲ, ನಕಲಿನಲ್ಲಿ ಒಂದು ಚಿಹ್ನೆ ಬಿಟ್ಟುಹೋದರೆ ಆ ಸರಣಿಯ ಉಳಿದ ಪ್ರಶ್ನೆಗಳೂ ಕೆಡುತ್ತವೆ. ಮೌಸ್ ಬಾಣವನ್ನು ಸರಣಿಯ ಕೆಳಗೆ ಸರಿಸುತ್ತಾ, ಸರಿಯಾದ ಪ್ರತಿ ಸ್ವರಕ್ಕೂ ಹಾಳೆಯಲ್ಲಿ ಒಂದು ಗೀಟು ಎಳೆಯಿರಿ. ಮನೆಯಲ್ಲೂ ಹೀಗೆಯೇ ಅಭ್ಯಾಸ ಮಾಡಿ.

ಮೂರೂ ಚೌಕ ತುಂಬಿದ್ದಾಗ ಯಾವುದು ಕಡಿಮೆ ಇದೆಯೋ ಅದರಿಂದ ಹುಡುಕುವುದು ಒಳ್ಳೆಯದು. ‘ಎಡಕ್ಕೆ ಚಿಹ್ನೆ, ಬಲಕ್ಕೆ ಸಮ ಅಂಕಿ ಇರುವ ಅಕ್ಷರಗಳೆಷ್ಟು?’ ಎಂದು ಕೇಳಿದರೆ ಇಲ್ಲಿ 14 ಅಕ್ಷರಗಳಿವೆ, ಚಿಹ್ನೆಗಳು ಆರೇ. ಚಿಹ್ನೆಯಿಂದ ಚಿಹ್ನೆಗೆ ಹಾರಿದರೆ & E 6 ಒಂದೇ ಎಂದು ಬೇಗ ಗೊತ್ತಾಗುತ್ತದೆ.

‘ಇಲ್ಲದ’ ಎಂಬ ಷರತ್ತು ಮತ್ತು ಸರಣಿಯ ತುದಿ

‘ತಕ್ಷಣದ ಮೊದಲು ಬೆಸ ಅಂಕಿ ಇದ್ದು, ತಕ್ಷಣದ ನಂತರ ಚಿಹ್ನೆ ಇಲ್ಲದ ಸ್ವರಗಳೆಷ್ಟು?’ ಬಲದ ಚೌಕದಲ್ಲಿ ‘ಚಿಹ್ನೆ’ ಎಂದು ಬರೆದು ಅಡ್ಡಗೆರೆ ಎಳೆಯಿರಿ. ಎಡಕ್ಕೆ ಬೆಸ ಅಂಕಿ ಇರುವ ಸ್ವರಗಳು ಮೂರು: 7 O, 3 A, 9 U. O ಬಲಕ್ಕೆ 5 ಇದೆ, ಅದು ಚಿಹ್ನೆಯಲ್ಲ, ಸೇರಿಸಿ. A ಬಲಕ್ಕೆ * ಇದೆ, ಬಿಡಿ. ಕೊನೆಯ U?

ಅದರ ಬಲಕ್ಕೆ ಏನೂ ಇಲ್ಲ. ಏನೂ ಇಲ್ಲದ ಕಡೆ ಚಿಹ್ನೆಯೂ ಇಲ್ಲ, ಆದ್ದರಿಂದ ಷರತ್ತು ಈಡೇರಿತು. ಉತ್ತರ 2. ಮೊದಲ ಪ್ರಶ್ನೆಯಲ್ಲಿ ಇದೇ U ಹೊರಗುಳಿದಿತ್ತು, ಏಕೆಂದರೆ ಅಲ್ಲಿ ಬಲಕ್ಕೆ ಸಮ ಅಂಕಿ ‘ಇರಬೇಕು’ ಎಂಬ ಷರತ್ತಿತ್ತು. ‘ಇರಬೇಕು’ ಎಂದಾಗ ತುದಿಯ ಅಕ್ಷರ ಸೋಲುತ್ತದೆ, ‘ಇರಬಾರದು’ ಎಂದಾಗ ಗೆಲ್ಲುತ್ತದೆ. ಸರಣಿಯ ಎಡ ತುದಿಗೂ ಇದೇ ನಿಯಮ. ‘ಇಲ್ಲದ’ ಎಂಬ ಪದ ಪ್ರಶ್ನೆಯಲ್ಲಿ ಕಂಡ ಕೂಡಲೇ ಮೊದಲ ಮತ್ತು ಕೊನೆಯ ಸ್ಥಾನಗಳನ್ನು ನೋಡಿಬಿಡಿ.

ಚಿಹ್ನೆಗಳನ್ನು ತೆಗೆದರೆ

ಕೆಲವೊಮ್ಮೆ ‘ಎಲ್ಲ ಚಿಹ್ನೆಗಳನ್ನು ತೆಗೆದುಹಾಕಿದರೆ’ ಎಂದು ಮುಂಚೆ ಸೇರಿಸಿ ಅದೇ ಎಣಿಕೆ ಕೇಳುತ್ತಾರೆ. ಹೊಸ ಸರಣಿ ಬರೆಯಲು ಕೂರಬೇಡಿ. ಈಗಾಗಲೇ ಅಂಟಿಕೊಂಡಿರುವ ಸ್ವರ ಮತ್ತು ಅಂಕಿ ಚಿಹ್ನೆ ಹೋದ ಮೇಲೂ ಅಂಟಿಕೊಂಡೇ ಇರುತ್ತವೆ, ಹಾಗಾಗಿ ಹಳೆಯ 4 ಉಳಿಯಿತು. ಹೊಸ ಜೋಡಿ ಹುಟ್ಟುವುದು ಬಲಕ್ಕೆ ಚಿಹ್ನೆ ಇದ್ದ ಸ್ವರಗಳಲ್ಲಿ ಮಾತ್ರ. ಅಂಥವು ಎರಡು: E @ 2 ಮತ್ತು A * 8. ಚಿಹ್ನೆ ಹೋದರೆ ಎರಡಕ್ಕೂ ಸಮ ಅಂಕಿಯೇ ನೆರೆ. ಉತ್ತರ 6.

ಸ್ಥಾನ ಕೇಳಿದಾಗಲೂ ಇದೇ ಜಾಡು. ಚಿಹ್ನೆ ತೆಗೆದ ಮೇಲೆ ಎಡದಿಂದ 12ನೆಯದು ಯಾವುದು? ಈಗ 12ನೆಯದು I. ಅಲ್ಲಿಯವರೆಗೆ ಎರಡು ಚಿಹ್ನೆಗಳು, # ಮತ್ತು @. ಅಂದರೆ ಎರಡು ಸ್ಥಾನ ಬಲಕ್ಕೆ ಸರಿಯಬೇಕು: 4, ಆಮೇಲೆ T. ಉತ್ತರ T. ಸರಿಯುವ ದಾರಿಯಲ್ಲಿ ಮತ್ತೊಂದು ಚಿಹ್ನೆ ಸಿಕ್ಕರೆ ಅದನ್ನು ಎಣಿಸದೆ ದಾಟಿ. 12ರ ಬದಲು 13 ಕೇಳಿದ್ದರೆ ಹೀಗೆಯೇ ಆಗುತ್ತಿತ್ತು: 4ರಿಂದ ಎರಡು ಸ್ಥಾನ ಸರಿಯುವಾಗ T ಒಂದು, $ ದಾಟಿ 7 ಎರಡು.

ಸಮಯ ಉಳಿದಿದ್ದರೆ ಎಣಿಕೆಯನ್ನು ಇನ್ನೊಮ್ಮೆ ಮಾಡಿ, ಆದರೆ ಈ ಸಲ ಕೊನೆಯ ಸ್ವರದಿಂದ ಆರಂಭಿಸಿ ಎಡಕ್ಕೆ ಬನ್ನಿ. ಅದೇ ದಾರಿಯಲ್ಲಿ ಎರಡನೇ ಸಲ ಹೋದರೆ ಮೊದಲ ಸಲ ಬಿಟ್ಟದ್ದನ್ನೇ ಕಣ್ಣು ಮತ್ತೆ ಬಿಡುತ್ತದೆ. ನೀವು ಎಡಕ್ಕೆ ಸಾಗುತ್ತಿದ್ದರೂ ಪ್ರತಿ ಸ್ವರದಲ್ಲಿ ನಿಂತು ನೋಡಬೇಕಾದದ್ದು ಚೌಕ ಹೇಳಿದ ಕಡೆಗೇ, ಅಂದರೆ ಮೊದಲ ಪ್ರಶ್ನೆಯಲ್ಲಿ ಬಲಕ್ಕೇ. ಎರಡೂ ಸಲ ಒಂದೇ ಸಂಖ್ಯೆ ಬಂದರೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗಿ. ಬೇರೆ ಬಂದರೆ ಮೊದಲು ನೋಡಬೇಕಾದದ್ದು ಸಾಲು ಮಡಚಿದ ಜಾಗ ಮತ್ತು ಎರಡು ತುದಿಗಳು.