ಮರಕ್ಕೆ ಬಣ್ಣ ಹೊಡೆಯುವವನು: ಒಂದು ಬೈಗುಳ, ನಾಲ್ಕು ಅರ್ಥ

ಕಳೆದ ಮಳೆಗಾಲದಲ್ಲಿ ನಮ್ಮ ತೋಟದಲ್ಲಿ ಕೊಳೆರೋಗಕ್ಕೆ ಉದುರಿದ ಅಡಿಕೆಯನ್ನೆಲ್ಲ ಹೆಕ್ಕಿ ಸೇರಿಸಿದರೂ ಎರಡೇ ಗೋಣಿ ಆಗಿರಬಹುದು. ಪೆರ್ಲದ ಈಚೆಗಿನ ನಮ್ಮ ಕಣಿವೆಯಲ್ಲಿ, ಮಧ್ಯಾಹ್ನದವರೆಗೂ ಬಿಸಿಲು ಬೀಳದ ತಗ್ಗಿನ ತೋಟದಲ್ಲಿ, ಇದು ಸಣ್ಣ ಸಂಗತಿಯಲ್ಲ. ನೆಲದಲ್ಲಿ ನಿಂತು ದೋಟಿಯಿಂದ ಬಿಟ್ಟ ಮದ್ದು ಗೊನೆಗೆ ತಾಗುವುದೇ ಇಲ್ಲ ಎಂದು ಮೂರು ವರ್ಷ ವಾದಿಸಿದವರು ಈಗ ಮನೆಗೆ ಬಂದು ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಬೋರ್ಡೋ ದ್ರಾವಣದ ಲೆಕ್ಕ ಅವರಿಗೂ ಗೊತ್ತು, ನನಗೂ ಗೊತ್ತಿತ್ತು. ನನ್ನ ತೋಟವನ್ನು ಉಳಿಸಿದ್ದು ಆ ಲೆಕ್ಕವಲ್ಲ, ಒಬ್ಬರು ಬೈದ ಒಂದು ಮಾತು.

ಬೈದವರು ನೆರೆಯ ತೋಟದ ಹಿರಿಯರು. ಸಂಬಂಧವಿಲ್ಲದಿದ್ದರೂ ಊರಿನ ರೂಢಿಯಂತೆ ನಾನು ಮಾವ ಎಂದು ಕರೆಯುತ್ತಿದ್ದೆ. ಮರ ಹತ್ತುವುದು, ಮದ್ದು ಕೂಡಿಸುವುದು, ಗೊನೆ ನೋಡಿ ಬೆಳೆ ಅಂದಾಜು ಮಾಡುವುದು ಎಲ್ಲವನ್ನೂ ಕಲಿಸಿದವರು ಅವರೇ. 1998ರ ಸುಮಾರಿಗೆ ತೋಟದ ಜವಾಬ್ದಾರಿ ನನ್ನ ಕೈಗೆ ಬಂದಿತ್ತು. ಜೂನ್ ಮೊದಲ ವಾರ ಮದ್ದು ಬಿಡುತ್ತಿದ್ದಾಗ ಅವರು ಬಂದು ಸ್ವಲ್ಪ ಹೊತ್ತು ನೋಡಿ, ಕೆಲಸದವರೆಲ್ಲ ಕೇಳುವ ಹಾಗೆ ಹೇಳಿದರು: "ನೀನು ಮದ್ದು ಬಿಡುವುದಲ್ಲ ಮಾರಾಯ, ಮರಕ್ಕೆ ಬಣ್ಣ ಹೊಡೆಯುವುದು. ಅಪ್ಪನ ದುಡ್ಡನ್ನು ಆಕಾಶಕ್ಕೆ ಉಗುಳುತ್ತಿದ್ದೀಯೆ." ಅಷ್ಟು ಹೇಳಿ ಹೋದರು. ವಿವರಿಸುವ ಸ್ವಭಾವ ಅವರದಲ್ಲ.

ಮದ್ದಿನ ತಾರೀಕು, ಖರ್ಚು ಬರೆಯುವ ಪುಸ್ತಕದ ಮೊದಲ ಪುಟದಲ್ಲಿ ಆ ಮಾತನ್ನು ಅಂದೇ ಬರೆದಿಟ್ಟೆ. ಬರೆದದ್ದು ಸಿಟ್ಟಿನಿಂದ. ಅದರ ಕೆಳಗೆ ನನಗೆ ತೋರಿದ ಅರ್ಥವನ್ನೂ ಬರೆದೆ: "ಬಣ್ಣ ಸಾಲದು ಎನ್ನುತ್ತಾರೆ." ಮುಂದೆ ಆಗಾಗ ಆ ಸಾಲಿನ ಕೆಳಗೆ ಹೊಸ ಸಾಲು ಸೇರುತ್ತ ಹೋಯಿತು. ಈ ಬರಹ ಆ ಪುಟದ ವಿಸ್ತರಣೆ.

ಮೊದಲ ಅರ್ಥದ ಬೆಲೆ ದೊಡ್ಡದು. ಬಣ್ಣ ಸಾಲದು ಎಂದುಕೊಂಡು ನೂರು ಲೀಟರಿಗೆ ಒಂದೂವರೆ ಕಿಲೋ ಮೈಲುತುತ್ತು ಹಾಕಿ, ಸುಣ್ಣವನ್ನು ಇದ್ದಷ್ಟೇ ಇಟ್ಟೆ. ತೋಟವೆಲ್ಲ ನೀಲಿ. ಹದಿನೈದು ದಿನದಲ್ಲಿ ನಳ್ಳಿ, ಎಂದರೆ ಎಳೆಯ ಅಡಿಕೆ, ಉದುರತೊಡಗಿತು. ಕೊಳೆರೋಗದ ಅಡಿಕೆಯಾದರೆ ತೊಟ್ಟಿನ ಬುಡದಲ್ಲಿ ನೀರು ಹೀರಿದಂಥ ಕಡು ಹಸಿರು ಕಲೆ ಇರುತ್ತದೆ, ಬಿದ್ದ ಮೇಲೆ ಬಿಳಿ ಬೂಸು ಹಬ್ಬುತ್ತದೆ. ಇದರಲ್ಲಿ ಎರಡೂ ಇರಲಿಲ್ಲ. ಸಿಪ್ಪೆಯ ಮೇಲೆ ಸುಟ್ಟ ಕಂದು ಚುಕ್ಕೆಗಳು ಮಾತ್ರ. ರೋಗ ಬರುವ ಮೊದಲೇ ತಾಮ್ರ ಸುಟ್ಟಿತ್ತು. ಆ ವರ್ಷದ ನಷ್ಟ ಆಗಿನ ಧಾರಣೆಯಲ್ಲಿ 40 ಸಾವಿರದ ಹತ್ತಿರ.

ಎರಡನೆಯ ಅರ್ಥ ಸಿಕ್ಕಿದ್ದು ಸುಣ್ಣದ ಚೀಲದಲ್ಲಿ. ನಾವು ಸುಣ್ಣವನ್ನು ಏಪ್ರಿಲಿನಲ್ಲೇ ತಂದು ಪಡಸಾಲೆಯ ಮೂಲೆಯಲ್ಲಿಡುತ್ತಿದ್ದೆವು. ಸುಟ್ಟ ಸುಣ್ಣ ಗಾಳಿಗೆ ಮೊದಲು ಅರಳಿ ಪುಡಿಯಾಗುತ್ತದೆ, ಆಮೇಲೆ ನಿಧಾನವಾಗಿ ಮತ್ತೆ ಸುಣ್ಣದ ಕಲ್ಲಿನ ಗುಣಕ್ಕೇ ಮರಳುತ್ತದೆ. ತಕ್ಕಡಿಯಲ್ಲಿ ಒಂದು ಕಿಲೋ ಇದ್ದರೂ ಮೈಲುತುತ್ತಿನ ಹುಳಿ ಮುರಿಯುವ ಶಕ್ತಿ ಅರ್ಧವೂ ಇರುವುದಿಲ್ಲ. ಅಂಥ ದ್ರಾವಣದಲ್ಲಿ ಉಜ್ಜಿ ತೊಳೆದ ಕಬ್ಬಿಣದ ಚೂರಿಯನ್ನು ಒಂದೆರಡು ನಿಮಿಷ ಅದ್ದಿ ತೆಗೆದರೆ ಅಲಗಿನ ಮೇಲೆ ಕೆಂಪು ತಾಮ್ರ ಕೂತಿರುತ್ತದೆ. ಈ ಪರೀಕ್ಷೆ ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. ನಾನು ಇನ್ನೊಂದನ್ನು ಸೇರಿಸಿಕೊಂಡೆ: ಗಾಜಿನ ಲೋಟದಲ್ಲಿ ಸ್ವಲ್ಪ ದ್ರಾವಣ ತೆಗೆದು ಕಾಲು ಗಂಟೆ ಇಡುವುದು. ಹದವಾಗಿ ಕೂಡಿದ್ದು ಆಕಾಶನೀಲಿಯಾಗಿ ತೇಲಿಕೊಂಡೇ ಇರುತ್ತದೆ. ಕೆಟ್ಟದ್ದು ಒಡೆದ ಹಾಲಿನಂತೆ ಹರಳುಹರಳಾಗಿ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ, ಆ ನೀರಿಗೂ ನೀಲಿ ಇದ್ದರೆ ಮುಗಿಯಿತು. ಆ ನೀಲಿ ಮೊದಲ ಮಳೆಗೇ ತೊಳೆದು ಹೋಗುವ ಬಣ್ಣ.

ಪುಸ್ತಕದಲ್ಲಿ ಬರೆದೆ: "ಬಣ್ಣ ಎಂದರೆ ಸುಣ್ಣ ಹಿಡಿಯದ ತಾಮ್ರ." ಅಲ್ಲಿಂದ ಸುಣ್ಣವನ್ನು ಮದ್ದಿನ ಹಿಂದಿನ ದಿನವೇ ತರುತ್ತೇನೆ. ನೀರು ಚಿಮುಕಿಸಿದ ಕೂಡಲೇ ಸುಂಯ್ ಎಂದು ಹಬೆ ಬಿಟ್ಟು ಉಬ್ಬದಿದ್ದರೆ ಚೀಲ ವಾಪಸು. ಅರಳಿಸಿದ ಸುಣ್ಣ ಪೂರ್ತಿ ತಣಿಯುವವರೆಗೂ ಕಾಯಬೇಕು, ಬಿಸಿಯಲ್ಲಿ ಕೂಡಿಸಿದರೆ ದ್ರಾವಣ ಒರಟಾಗುತ್ತದೆ. ಐವತ್ತು ಲೀಟರ್ ಸುಣ್ಣದ ಹಾಲಿಗೆ ಐವತ್ತು ಲೀಟರ್ ಮೈಲುತುತ್ತಿನ ನೀರನ್ನು ಸುರಿಯಬೇಕೇ ಹೊರತು ಹಿಂದುಮುಂದಾಗಬಾರದು. ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ಬೆಳಿಗ್ಗೆಯೇ ಕೂಡಿಸಿಟ್ಟು ಸಂಜೆಯವರೆಗೆ ಬಿಡುವ ಪದ್ಧತಿಯನ್ನೂ ಬಿಟ್ಟೆ. ನೂರು ಲೀಟರ್ ಕೂಡಿಸುವುದು, ಅದು ಮುಗಿದ ಮೇಲೆ ಮತ್ತೆ ನೂರು. ಇಟ್ಟಷ್ಟೂ ಅಂಟುವ ಗುಣ ಹೋಗುತ್ತದೆ. ಚಿಪ್ಪುಸುಣ್ಣ ಮೇಲೋ ಕಲ್ಲುಸುಣ್ಣ ಮೇಲೋ ಎಂದು ಎರಡನ್ನೂ ಬೇರೆ ಬೇರೆ ಸಾಲಿಗೆ ಬಿಟ್ಟು ನೋಡಿದ್ದೇನೆ. ತಾಜಾ ಇದ್ದರೆ ವ್ಯತ್ಯಾಸ ಕಾಣಲಿಲ್ಲ. ಅಂಟಿಗೆಂದು ಬೆಲ್ಲದ ನೀರು ಹಾಕಿ ನೋಡಿದೆ, ಇರುವೆ ಬಂತು, ಅಂಟು ಬರಲಿಲ್ಲ. ರಾಳ ಮತ್ತು ಸೋಡ ಕುದಿಸಿ ಮಾಡಿದ ಅಂಟು ಒಳ್ಳೆಯದೇ. ನಾನು ಈಗ ಬಳಸುವುದು ಬೇರೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಮಾವನ ಮಾತು ಮುಗಿಯಿತು ಎಂದೇ ತಿಳಿದಿದ್ದೆ. 2013ರ ಮಳೆ ಅದನ್ನು ಮತ್ತೆ ತೆರೆಯಿತು. ಜೂನಿನಿಂದ ಆಗಸ್ಟಿನವರೆಗೆ ಬಿಡುವಿಲ್ಲದ ಮಳೆ, ನಡುನಡುವೆ ಅರ್ಧ ಗಂಟೆ ಬಿಸಿಲು. ಕೊಳೆರೋಗಕ್ಕೆ ಇದಕ್ಕಿಂತ ಒಳ್ಳೆಯ ಹವೆ ಬೇಡ. ದ್ರಾವಣದಲ್ಲಿ ತಪ್ಪಿರಲಿಲ್ಲ, ಚೂರಿಯೂ ಲೋಟವೂ ಸರಿ ಎಂದಿದ್ದವು. ಆದರೂ ಬೆಳೆಯ ಮೂರರಲ್ಲಿ ಒಂದು ಪಾಲು ನೆಲಕ್ಕೆ ಬಿತ್ತು. ಮೈಲುತುತ್ತು, ಸುಣ್ಣ, ಮರ ಹತ್ತುವವರ ಕೂಲಿ ಸೇರಿ 60 ಸಾವಿರ ದಾಟಿತ್ತು. ಹತ್ತುವವರು ಸಿಗುವುದೇ ಕಷ್ಟ, ಸಿಕ್ಕರೆ ಅವರು ಹೇಳಿದ್ದೇ ಕೂಲಿ.

ಮದ್ದು ಬಿಟ್ಟು ಒಣಗಿದ ಒಂದು ಗೊನೆಯನ್ನು ಕಡಿಸಿ ಇಳಿಸಿ ಜಗಲಿಯಲ್ಲಿ ಬಿಡಿಸಿದೆ. ಹೊರಗಿನ ಅಡಿಕೆಗಳು ಅಂದವಾದ ನೀಲಿ. ಎಸಳುಗಳನ್ನು ಅಗಲಿಸಿದಂತೆ ಒಳಗಿನವು ಹಸಿ ಹಸಿರು, ಮದ್ದಿನ ಸುಳಿವೇ ಇಲ್ಲ. ಹೊರಗಿನವುಗಳಲ್ಲೂ ನೀಲಿ ಇದ್ದದ್ದು ಕೆಳಮುಖದ ಮೂತಿಯಲ್ಲಿ, ದಪ್ಪಗೆ ಇಳಿದು ಗಟ್ಟಿಯಾಗಿತ್ತು. ತೊಟ್ಟಿನ ಸುತ್ತ ಬರಿದು. ರೋಗ ಹಿಡಿಯುವುದು ತೊಟ್ಟಿನ ಬಳಿಯಿಂದ, ನಾವು ಮದ್ದು ಕೂರಿಸಿದ್ದು ಮೂತಿಯಲ್ಲಿ. ಬೋರ್ಡೋ ಬಂದ ರೋಗವನ್ನು ವಾಸಿ ಮಾಡುವುದಿಲ್ಲ, ಕೂತ ಜಾಗವನ್ನು ಮಾತ್ರ ಕಾಯುತ್ತದೆ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಕೋಲ್‌ಮನ್ ಅವರು ಅಡಿಕೆಗೆ ಇದನ್ನು ಬಳಕೆಗೆ ತಂದು 100 ವರ್ಷ ದಾಟಿತು, ಆ ಮಿತಿ ಅಂದಿಗೂ ಇತ್ತು, ಇಂದಿಗೂ ಇದೆ.

ಹನಿ ದಪ್ಪವಾದರೆ ಒಂದಕ್ಕೊಂದು ಕೂಡಿ ಇಳಿದು ಹೋಗುತ್ತದೆ. ಹನಿ ದಪ್ಪವಾಗುವುದು ಪಂಪಿನ ಒತ್ತಡ ಇಳಿದಾಗ. ಗೋಡೆಗೆ ಬಣ್ಣ ಹೊಡೆದಂತೆ ಎದುರಿಗೆ ಕಂಡದ್ದನ್ನಷ್ಟೇ ತೋಯಿಸುವುದು ಎಂದು ಮಾವ ಹೇಳಿದ್ದು ಇದನ್ನೇ. ಮೂರನೆಯ ಸಾಲು ಬರೆದೆ: "ಬಣ್ಣ ಎಂದರೆ ಹೊರಮೈ."

ಮಾವ ಬೈದ ಆ ದಿನ ಗಟಾರ್ ಪಂಪು ಒತ್ತುತ್ತಿದ್ದವನ ನೆನಪು ಆಗ ಬಂತು. ಅವನಿಗೆ ವಯಸ್ಸಾಗಿತ್ತು, ಬೆಳಿಗ್ಗೆಯಿಂದ ಒತ್ತಿ ಕೈ ಸೋತಿತ್ತು. ಒತ್ತಡ ಬಿದ್ದು ಮೇಲಿನಿಂದ ಮದ್ದು ತೊಟ್ಟಿಕ್ಕುತ್ತಿದ್ದುದನ್ನು ಮಾವ ನೋಡಿದ್ದರು. ಅವನಿಗೆ ಹೇಳಿದ್ದರೆ ಅಂದಿನ ಕೂಲಿಗೆ ಕುತ್ತು, ಮರುದಿನದ ಕೆಲಸಕ್ಕೂ ಕುತ್ತು. ಬೈಸಿಕೊಂಡರೂ ಏನೂ ಕಳೆದುಕೊಳ್ಳದವನು ಅಲ್ಲಿ ನಾನೊಬ್ಬನೇ, ತೋಟದ ಯಜಮಾನನ ಮಗ. ನನಗೆ ಬೈದರು, ಅವನು ಕೇಳಿಸಿಕೊಂಡ. ಅವರು ಹೋದ ಮೇಲೆ ಅವನೇ ಎದ್ದು ಇನ್ನೊಬ್ಬನಿಗೆ ಪಂಪು ಕೊಟ್ಟದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅಂದು ಅವಮಾನದಲ್ಲಿ ನಾನು ಅದಕ್ಕೆ ಯಾವ ಅರ್ಥವನ್ನೂ ಕೊಟ್ಟಿರಲಿಲ್ಲ. ನಾನೇ ಆರೇಳು ಜನರ ತಂಡ ನಡೆಸತೊಡಗಿದ ಮೇಲೆ, ಸೋತವನಿಗೆ ನೋವಾಗದಂತೆ ಹೇಳುವುದು ಎಷ್ಟು ಕಷ್ಟ ಎಂದು ಗೊತ್ತಾದ ಮೇಲೆ, ನಾಲ್ಕನೆಯ ಸಾಲು ಸೇರಿತು: "ನನಗೆ ಹೇಳಿದ್ದಲ್ಲ." ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಸಿಟ್ಟು ಅಲ್ಲಿಗೆ ತೀರಿತು. ಆ ಮನುಷ್ಯನ ಮೇಲೆ ನನಗಿರುವ ಗೌರವ ಅಂದು ಇಮ್ಮಡಿಯಾಯಿತು.

2019ರ ಹೊತ್ತಿಗೆ ಕಾರ್ಬನ್ ಫೈಬರಿನ ದೋಟಿ ತಂದೆ. ಎಲ್ಲ ಸೇರಿ 70 ಸಾವಿರದ ಆಸುಪಾಸು. ಊರು ಒಪ್ಪಲಿಲ್ಲ, ಮನೆಯಲ್ಲೂ ಒಪ್ಪಲಿಲ್ಲ. ಮೊದಲ ವರ್ಷ ಫಲ ಅಷ್ಟಕ್ಕಷ್ಟೇ, ಏಕೆಂದರೆ ದೋಟಿಯ ತುದಿ ಕೆಳಗಿನಿಂದ ಮೇಲಕ್ಕೆ ಬಿಡುತ್ತದೆ, ಮತ್ತೆ ಅದೇ ಮೂತಿಗೆ. ಗೊನೆಯೊಳಗೆ ಬಿಳಿ ಕಾಗದದ ಪಟ್ಟಿಗಳನ್ನು ಸಿಕ್ಕಿಸಿ, ಮದ್ದು ಬಿಟ್ಟು, ಗೊನೆ ಇಳಿಸಿ ನೋಡುತ್ತ ಹೋದೆ. ತುದಿಯನ್ನು ಗೊನೆಗಿಂತ ಮೇಲಕ್ಕೆ ಒಯ್ದು ನಾಜಲನ್ನು ಕೆಳಮುಖ ಮಾಡಿ ಮೊದಲು ತೊಟ್ಟಿನ ಕಡೆಗೆ, ಮರದ ಇನ್ನೊಂದು ಬದಿಗೆ ಹೋಗಿ ಎರಡನೆಯ ಸಲ, ಹೀಗೆ ಬಿಟ್ಟಾಗ ಒಳಗಿನ ಪಟ್ಟಿಗೂ ಸಣ್ಣ ಚುಕ್ಕೆಗಳು ಬಿದ್ದವು. ನಾಜಲಿನ ಕೋನವನ್ನು ಎಷ್ಟು ಬಗ್ಗಿಸಬೇಕು ಎಂಬುದನ್ನು ತೋಟಕ್ಕೆ ಬಂದವರಿಗೆ ಕೈಯಲ್ಲಿ ತೋರಿಸುತ್ತೇನೆ, ಬರೆದು ಹೇಳಿದರೆ ತಪ್ಪಾಗುತ್ತದೆ. ಹನಿ ಇಳಿಯುವ ಮೊದಲೇ ನಿಲ್ಲಿಸಬೇಕು. ತೋಟ ಈಗ ಮೊದಲಿನಷ್ಟು ನೀಲಿ ಕಾಣುವುದಿಲ್ಲ, ದಾರಿಯಲ್ಲಿ ಹೋಗುವವರು ಮದ್ದು ಬಿಟ್ಟಿಲ್ಲವೇ ಎಂದು ಕೇಳುತ್ತಾರೆ. ದ್ರಾವಣ ಕಾಲು ಪಾಲು ಕಡಿಮೆ ಸಾಕಾಗುತ್ತದೆ. ದೋಟಿಯ ಹಣ ಮೂರನೆಯ ವರ್ಷ ಹುಟ್ಟಿತು.

ಮಾವನನ್ನೂ ಕರೆದು ತೋರಿಸಿದೆ. ಅವರಿಗೂ ದೋಟಿಯ ಮೇಲೆ ನಂಬಿಕೆ ಇರಲಿಲ್ಲ. ಇಳಿಸಿದ ಗೊನೆಯನ್ನು ಬಿಡಿಸಿ, ಬೆರಳಿನಿಂದ ಒಂದೊಂದೇ ತೊಟ್ಟು ಸವರಿ ನೋಡಿ, "ಮೂರನೆಯ ಗೊನೆಗೆ ಹಾಳೆಯ ಮರೆಯಿದೆ, ಅಲ್ಲಿ ಏನೂ ತಾಗಿಲ್ಲ, ನೋಡಿದೆಯಾ?" ಎಂದರು. ನೋಡಿರಲಿಲ್ಲ. ಒಣಗಿ ಜೋತ ಹಾಳೆಯನ್ನು ಮದ್ದಿನ ಮೊದಲೇ ಎಳೆದು ಹಾಕುವ ಕೆಲಸ ಅಂದಿನಿಂದ ಸೇರಿತು.

ಕೆಲಸ ಮಾಡದ ಸಂದರ್ಭವನ್ನೂ ಹೇಳಿಬಿಡುತ್ತೇನೆ. ಮದ್ದು ಒಣಗಲು ಮೂರು ನಾಲ್ಕು ಗಂಟೆ ಮಳೆ ಬಿಡದಿದ್ದರೆ ಯಾವ ಕೋನವೂ ಉಪಯೋಗಕ್ಕೆ ಬರುವುದಿಲ್ಲ. ಮೊದಲ ಮದ್ದು ಮಳೆ ಹಿಡಿಯುವ ಮೊದಲೇ ಆಗಿರಬೇಕು, ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ. ಅಡಿಕೆ ದಪ್ಪವಾದಂತೆ ಮದ್ದಿಲ್ಲದ ಹೊಸ ಸಿಪ್ಪೆ ಹೊರಬರುತ್ತದೆ, ಐವತ್ತೈದು ದಿನಕ್ಕೆ ಎಳೆದ ವರ್ಷ ಆ ಸಿಪ್ಪೆಗೇ ರೋಗ ಹಿಡಿಯಿತು. ತೋಡಿನ ಬದಿಯ ಮೂವತ್ತು ನಲವತ್ತು ಮರ ದೋಟಿಗೆ ಎಟುಕದಷ್ಟು ಎತ್ತರ ಬೆಳೆದಿವೆ. ಅವಕ್ಕೆ ಈಗಲೂ ಮರ ಹತ್ತುವವರೇ ಬರಬೇಕು. ಮೇಲೆ ಹೇಳಿದ ಎರಡು ಗೋಣಿಯಲ್ಲಿ ಒಂದೂವರೆ ಗೋಣಿ ಆ ಮರಗಳದ್ದೇ.