ಅಮ್ಮನ ಮುತ್ತಿನ ಸರ ಮತ್ತೆ ಹೊಳೆದದ್ದು

ಅಮ್ಮನ ಮುತ್ತಿನ ಸರ ಕುತ್ತಿಗೆಯ ಹಿಂಭಾಗಕ್ಕೆ ಬರುವ ಕಡೆ ಹಳದಿಯಾಗಿ ಮಂಕಾಗಿತ್ತು. ಗಾಜಿನ ಬಳೆಗಳ ಮೇಲೂ ಬೋರ್‌ವೆಲ್ ನೀರಿನ ಬಿಳಿ ಪೊರೆ. ಬಳೆಗಳನ್ನು ನಿಂಬೆರಸ ಬೆರೆಸಿದ ನೀರಲ್ಲಿ ಹತ್ತು ನಿಮಿಷ ಇಟ್ಟು ತೊಳೆದೆ, ಫಳಫಳ ಎಂದವು. ಸರಕ್ಕೂ ಅದೇ ಆಗಬಹುದೆಂದು ಕೊಂಡಿಯ ಪಕ್ಕದ ಒಂದೇ ಮುತ್ತಿಗೆ ಒಂದು ಹನಿ ನಿಂಬೆರಸ ಬಿಟ್ಟೆ. ಸಣ್ಣ ಸಣ್ಣ ಗುಳ್ಳೆ ಎದ್ದವು. ತಕ್ಷಣ ಒರೆಸಿದರೂ ಆ ಮುತ್ತು ಸೀಮೆಸುಣ್ಣದಂತೆ ಕಾಂತಿಗುಂದಿತು, ಇಂದಿಗೂ ಹಾಗೇ ಇದೆ.

ಮುತ್ತಿನ ಹೊರಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ನೀರಿನ ಆ ಬಿಳಿ ಕಲೆಯೂ ಹೆಚ್ಚಾಗಿ ಅದೇ. ಗಾಜಿನ ಮೇಲಿನ ಕಲೆಯನ್ನು ಕರಗಿಸುವ ಹುಳಿ ಮುತ್ತನ್ನೇ ಕರಗಿಸುತ್ತದೆ. ಹುಣಸೆ, ವಿನೆಗರ್, ಟಾಯ್ಲೆಟ್ ಕ್ಲೀನರ್ ಎಲ್ಲವೂ ಹಾಗೆಯೇ. ಬ್ಲೀಚ್, ಅಮೋನಿಯಾ ಕೂಡ ಬೇಡ. ಅಡುಗೆ ಸೋಡಾ, ಟೂತ್‌ಪೇಸ್ಟ್ ಉಜ್ಜಿದರೆ ಗೀರು ಬೀಳುತ್ತದೆ.

ಉಳಿದ ಮುತ್ತುಗಳ ಮಂಕು ಬರೀ ಬೆವರು, ಎಣ್ಣೆ, ಸೆಂಟಿನ ಜಿಡ್ಡು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಬೇಬಿ ಶಾಂಪೂ ಹಾಕಿ, ಹಳೆಯ ಹತ್ತಿ ಪಂಚೆಯ ತುಂಡನ್ನು ಅದ್ದಿ, ಚೆನ್ನಾಗಿ ಹಿಂಡಿ, ಒಂದೊಂದೇ ಮುತ್ತು ಒರೆಸಿದೆ. ಆಮೇಲೆ ಬರೀ ನೀರಿನ ಬಟ್ಟೆ. ಸರವನ್ನು ಮುಳುಗಿಸಲಿಲ್ಲ, ರೇಷ್ಮೆ ದಾರ ನೆನೆದರೆ ಹಿಗ್ಗುತ್ತದೆ. ನೇತುಹಾಕದೆ ಟವೆಲ್ ಮೇಲೆ ಚಪ್ಪಟೆಯಾಗಿ ರಾತ್ರಿಯಿಡೀ ಒಣಗಿಸಿದೆ. ಬೆಳಿಗ್ಗೆ ನೋಡಿದರೆ ಮುತ್ತಿನಲ್ಲಿ ಕಿಟಕಿಯ ಬೆಳಕು ಕಾಣುತ್ತಿತ್ತು.

ಬಳೆಯಲ್ಲಿ ಚಿನ್ನದ ಬಣ್ಣದ ಗೆರೆಯೋ ಅಂಟಿಸಿದ ಹರಳೋ ಇದ್ದರೆ ನಿಂಬೆಯಲ್ಲಿ ನೆನೆಸಬೇಡಿ, ಸೋಪಿನ ನೀರಲ್ಲಿ ಬೇಗ ತೊಳೆದು ಒರೆಸಿ.